ಮಣ್ಣಿನ ಗುಡ್ಡ ನೋಡಿ ಬರೆದ ನಕ್ಷೆಯಲ್ಲಿ ಗೆರೆಗಳು ಒಂದನ್ನೊಂದು ದಾಟಿವೆ. ಎಲ್ಲಿ ತಪ್ಪಾಯ್ತು?

ಸಾಗರದ ಟೀಚರ್

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಮೋನ್ನತಿ ರೇಖೆಯ ಪಾಠ ಬಂದಾಗಲೆಲ್ಲ ಮಕ್ಕಳು ಬೋರ್ಡಿನ ಮೇಲಿನ ಉಂಗುರಗಳನ್ನು ನೋಡಿ "ಹೆಚ್ಚಿದ ಈರುಳ್ಳಿ ಇದ್ದಂಗಿದೆ ಮಿಸ್" ಅಂತಾರೆ. ಅದಕ್ಕೆ ಈ ಸಲ ಜೇಡಿಮಣ್ಣು ತರಿಸಿ ಗುಡ್ಡವನ್ನೇ ಮಾಡಿಸಿದೆ. ಅಡಿಯಲ್ಲಿ 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಎರಡು ತುದಿ, ನಡುವೆ ಒಂದು ತಗ್ಗು. ಎತ್ತರದ ತುದಿ 10 ಸೆಂ.ಮೀ. ಒಂದು ಕಡೆ ಕಡಿದಾದ ಇಳಿಜಾರು, ಇನ್ನೊಂದು ಕಡೆ ನಿಧಾನವಾಗಿ ಇಳಿಯುವ ಹಾಗೆ.

ಇದನ್ನು 12 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಯಲ್ಲಿ ಇಟ್ಟು, 2 ಸೆಂ.ಮೀ. ನೀರು ಹಾಕಿ, ನೀರು ಮುಟ್ಟಿದ ಅಂಚಿಗೆ ಕಡ್ಡಿಯಲ್ಲಿ ಗೆರೆ ಹಾಕಿಸಿದೆ. ಮತ್ತೆ 2 ಸೆಂ.ಮೀ., ಮತ್ತೆ ಗೆರೆ. ಹೀಗೆ 8 ರವರೆಗೆ ನಾಲ್ಕು ಗೆರೆ. ಆಮೇಲೆ ನೀರು ತೆಗೆದು ಮೇಲೆ ಗಾಜು ಮುಚ್ಚಿ, ಮಾರ್ಕರ್‌ನಲ್ಲಿ ಗಾಜಿನ ಮೇಲೆ ಗೆರೆಗಳನ್ನು ನಕಲು ಮಾಡಿಸಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಕಡಿದಾದ ಕಡೆ 4 ಸೆಂ.ಮೀ. ಗೆರೆ 2 ಸೆಂ.ಮೀ. ಗೆರೆಯ ಹೊರಗೆ ಹೋಗಿಬಿಟ್ಟಿದೆ! ಒಂದು ಹುಡುಗಿ ಕೇಳಿದಳು, "ಗೆರೆಗಳು ದಾಟೋದೇ ಇಲ್ಲ ಅಂದ್ರಲ್ಲ ಮಿಸ್?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಪ್ರಶ್ನೆ. ಈ ನಕ್ಷೆಯ ಕೆಳಗೆ ಸ್ಕೇಲ್ ಏನಂತ ಬರೆಸಲಿ? ಗೋಡೆಯಲ್ಲಿರುವ ಟೋಪೋ ಶೀಟ್ ನೋಡಿ ಮಕ್ಕಳು 1:50,000 ಅಂತ ಬರೆದುಬಿಟ್ಟಿದ್ದಾರೆ.

ಗುಡ್ಡ ಹತ್ತುವವ

ಮೇಡಂ, ನಿಮ್ಮ ಮಕ್ಕಳದ್ದು ತಪ್ಪೇ ಅಲ್ಲ. ನಾನು ಹದಿನೈದು ವರ್ಷದಿಂದ ಟ್ರೆಕ್ಕಿಂಗ್ ಮಾಡ್ತಿದ್ದೇನೆ. ಬಂಡೆ ಇರುವ ಕಡೆ ಕಾಂಟೂರ್ ಗೆರೆಗಳು ಕೂಡಿಕೊಳ್ಳುತ್ತವೆ. ಸಾವನದುರ್ಗದ ಶೀಟ್ ತೆಗೆದು ನೋಡಿ, ಬಂಡೆಯ ಮೈಮೇಲೆ ಗೆರೆಗಳು ಅಂಟಿಕೊಂಡು ಕಂದು ಪಟ್ಟಿ ಥರ ಕಾಣುತ್ತವೆ. ದಾಟೋದಿಲ್ಲ ಅನ್ನೋದೆಲ್ಲ ಪರೀಕ್ಷೆಗೆ ಮಾತ್ರ. ಮಕ್ಕಳಿಗೆ ಒಂದೇ ಸೂತ್ರ ಹೇಳಿಕೊಡಿ: ಗೆರೆ ಹತ್ತಿರ ಹತ್ತಿರ ಇದ್ದರೆ ಎತ್ತರ ಜಾಸ್ತಿ.

ಹಳೇ ಸರಪಳಿ

ಟೀಚರಮ್ಮ, ಮೊದಲು ಒಂದು ಹೇಳಿ. ಗಾಜಿನ ಮೇಲೆ ಬರೆಯುವಾಗ ಹುಡುಗನ ಕಣ್ಣು ಎಲ್ಲಿತ್ತು? ಗಾಜಿನಿಂದ ಎಷ್ಟು ಮೇಲೆ?

ಗುಡ್ಡ ಹತ್ತುವವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನೆಟ್ಟಗೆ ನಿಂತ ಬಂಡೆಯಲ್ಲಿ ಗೆರೆಗಳು ಒಂದರ ಮೇಲೊಂದು ಕೂರುತ್ತವೆ, ನಿಜ. ಆದರೆ ಕೂರುವುದು ಬೇರೆ, ದಾಟುವುದು ಬೇರೆ. ಮೇಲಿನ ಗೆರೆ ಕೆಳಗಿನ ಗೆರೆಯನ್ನು ದಾಟಿ ಹೊರಗೆ ಬರಬೇಕಾದರೆ ಬಂಡೆ ಚಾವಣಿಯ ಹಾಗೆ ಮುಂದಕ್ಕೆ ಚಾಚಿರಬೇಕು. ಮಕ್ಕಳು ಮಾಡಿದ ಗುಡ್ಡದಲ್ಲಿ ಹಾಗೆ ಇದೆಯಾ ಅಂತ ನೋಡೋದು ಸುಲಭ. ದಾರಕ್ಕೆ ಒಂದು ನಟ್ಟು ಕಟ್ಟಿ 4 ಸೆಂ.ಮೀ. ಗೆರೆಯ ಎದುರಿಗೆ ಇಳಿಬಿಡಿ. ನಟ್ಟು 2 ಸೆಂ.ಮೀ. ಗೆರೆಯಿಂದ ದೂರ ಗಾಳಿಯಲ್ಲಿ ತೂಗಿದರೆ ಚಾಚಿಕೊಂಡಿದೆ ಅಂತ ಅರ್ಥ. ಮಣ್ಣಿಗೇ ಬಡಿದರೆ ಇಲ್ಲ.

ಹತ್ತಿರ ಇದ್ದರೆ ಎತ್ತರ ಅನ್ನೋದು ಮಾತ್ರ ತಪ್ಪು. ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಹತ್ತಿರ ಇದ್ದರೆ ಇಳಿಜಾರು ಜಾಸ್ತಿ, ಅಷ್ಟೇ. ಬಂಡೆ ಹತ್ತಿ ಮುಗಿದ ಮೇಲೆ ನೆತ್ತಿ ಅಗಲವಾಗಿದ್ದರೆ ಅಲ್ಲಿ ಗೆರೆಗಳು ದೂರ ದೂರ ಹೋಗುತ್ತವೆ. ಎತ್ತರ ಮಾತ್ರ ಅಲ್ಲೇ ಹೆಚ್ಚು.

ಸಾಗರದ ಟೀಚರ್

ನಟ್ಟು ಇಳಿಬಿಟ್ಟೆ ಸಾರ್. ಮಣ್ಣಿಗೇ ಬಡೀತು. ಚಾಚಿಕೊಂಡಿಲ್ಲ.

ಕಣ್ಣು ಗಾಜಿನಿಂದ ಸುಮಾರು 40 ಸೆಂ.ಮೀ. ಮೇಲೆ, ಗುಡ್ಡದ ನಡುಮಧ್ಯಕ್ಕೆ ನೇರವಾಗಿ ಇತ್ತು. "ತಲೆ ಅಲ್ಲಾಡಿಸಬೇಡ, ಒಂದು ಕಣ್ಣು ಮುಚ್ಚಿಕೋ" ಅಂತ ನಾನೇ ಗದರಿಸಿ ಕೂರಿಸಿದ್ದೆ. ಪಾಪ, ಹಾಗೇ ಕೂತಿದ್ದ.

ಹಳೇ ಸರಪಳಿ

ಅಲ್ಲೇ ಆಗಿದ್ದು ನೋಡಿ. ತಲೆ ಅಲ್ಲಾಡಿಸಬೇಡ ಅಂದಿದ್ದೇ ತಪ್ಪಾಯ್ತು.

ದೂರದ್ದು ಚಿಕ್ಕದಾಗಿ ಕಾಣುತ್ತೆ, ಅಲ್ವಾ? ಗುಡ್ಡದ ಬುಡ ಕಣ್ಣಿಗೆ ದೂರ, ನೆತ್ತಿ ಹತ್ತಿರ. ಒಂದೇ ಕಡೆ ಕಣ್ಣಿಟ್ಟು ನೋಡಿದರೆ ಕೆಳಗಿನ ಗೆರೆಗಳು ಒಳಕ್ಕೆ ಎಳೆದುಕೊಂಡ ಹಾಗೆ ಕಾಣುತ್ತವೆ. ಮೇಲಿನವು ಅಷ್ಟು ಒಳಕ್ಕೆ ಹೋಗೋದಿಲ್ಲ.

ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕೋಣ. ಕಡಿದಾದ ಕಡೆ 2 ಸೆಂ.ಮೀ. ಗೆರೆ ನಡುಮಧ್ಯದಿಂದ 14 ಸೆಂ.ಮೀ. ದೂರ ಇದೆ ಅಂತಿಟ್ಟುಕೊಳ್ಳಿ. 4 ಸೆಂ.ಮೀ. ಗೆರೆ 13.6 ಸೆಂ.ಮೀ. ದೂರ. ಅಂದರೆ ನಿಜವಾಗಿ ಮೇಲಿನ ಗೆರೆ 4 ಮಿ.ಮೀ. ಒಳಗಿದೆ. ಕಣ್ಣಿನಿಂದ ಗಾಜಿಗೆ 40. ಗಾಜಿನಿಂದ 2 ಸೆಂ.ಮೀ. ಗೆರೆಯ ಮಟ್ಟಕ್ಕೆ ಇನ್ನೂ 10, ಒಟ್ಟು 50. ಹಾಗಾಗಿ ಗಾಜಿನ ಮೇಲೆ ಅದು ಬೀಳುವ ಜಾಗ 14 × 40 ÷ 50, ಅಂದರೆ 11.2. ಮೇಲಿನ ಗೆರೆಗೆ ಒಟ್ಟು ದೂರ 48. ಅದು ಬೀಳೋದು 13.6 × 40 ÷ 48, ಅಂದರೆ 11.3 ಚಿಲ್ಲರೆ. ಒಳಗಿರಬೇಕಾದ ಗೆರೆ ಹೊರಗೆ ಬಂತು! ಗುಡ್ಡ ಸರಿಯಾಗೇ ಇದೆ, ಮೋಸ ಆಗಿದ್ದು ನೋಟದಲ್ಲಿ.

ನಕ್ಷೆ ಅನ್ನೋದು ಒಂದು ಜಾಗದಲ್ಲಿ ನಿಂತು ನೋಡಿದ ಚಿತ್ರ ಅಲ್ಲ. ಪ್ರತಿ ಬಿಂದುವನ್ನೂ ಅದರ ನೆತ್ತಿಯ ಮೇಲಿಂದಲೇ ನೋಡಿದ ಹಾಗೆ ಬರೆಯೋದು. ಹುಡುಗ ಮಾರ್ಕರ್ ಎಲ್ಲಿಟ್ಟನೋ ಅಲ್ಲಿಗೆ ನೇರ ಮೇಲೆ ತಲೆಯನ್ನೂ ಸರಿಸುತ್ತಾ ಹೋಗಬೇಕಿತ್ತು. ಮೊಬೈಲಲ್ಲಿ ಫೋಟೋ ತೆಗೆಯೋದಾದರೂ ಹತ್ತಿರದಿಂದ ಬೇಡ. ಗಾಜಿನಿಂದ ಎರಡು ಮೀಟರ್ ಮೇಲಿಂದ ಝೂಮ್ ಮಾಡಿ ತೆಗೆಯಿರಿ. ಅದೇ ಲೆಕ್ಕ ಹಾಕಿದರೆ 13.3 ಮತ್ತು 13.1 ಬರುತ್ತೆ. ನಾಲ್ಕು ಮಿ.ಮೀ. ಅಂತರ ಎರಡೂವರೆ ಆಗುತ್ತೆ, ಆದರೆ ಗೆರೆ ದಾಟೋದಿಲ್ಲ.

ಕುಂಬಾರಕೇರಿ

ನಕ್ಷೆ ನನಗೆ ಅಷ್ಟು ಗೊತ್ತಿಲ್ಲ, ಮಣ್ಣಿನ ವಿಷಯ ಹೇಳ್ತೀನಿ. ಹಸಿ ಜೇಡಿಗೆ ನೀರು ಹಾಕಿದರೆ ನಾಲ್ಕನೇ ಗೆರೆ ಹಾಕೋ ಹೊತ್ತಿಗೆ ಮೊದಲನೇ ಗೆರೆ ಅಂಬಲಿ ಆಗಿರುತ್ತೆ. ನಿಮ್ಮದೂ ಹಾಗೇ ಆಗಿರಬೇಕು. ಪೂರ್ತಿ ಒಣಗಿಸಿ ನೀರಿಗೆ ಇಟ್ಟರೆ ಇನ್ನೂ ಕೆಟ್ಟದ್ದು, ಒಣ ಮಣ್ಣು ನೀರು ಕುಡಿದು ಪುಡಿ ಪುಡಿಯಾಗಿ ಉದುರುತ್ತೆ. ಒಣಗುವಾಗ ಕುಗ್ಗುತ್ತೆ ಬೇರೆ. ಇವತ್ತು 10 ಸೆಂ.ಮೀ. ಇದ್ದ ಗುಡ್ಡ ಸೋಮವಾರ 10 ಇರೋದಿಲ್ಲ.

ನೀರೇ ಬೇಡ ಅಂದರೆ ಕೊಯ್ಯಿರಿ. ನಾವು ತಿಗರಿ ಮೇಲಿಂದ ಮಡಕೆ ಬಿಡಿಸೋದು ದಾರದಿಂದಲೇ. ಮಣ್ಣು ಕೈಗೆ ಅಂಟಬಾರದು, ಆದರೆ ಉಗುರು ಒತ್ತಿದರೆ ಗುರುತು ಬೀಳಬೇಕು. ಆ ಹದಕ್ಕೆ ಬಂದಾಗ ಗಾಳದ ನೈಲಾನ್ ದಾರ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ.

ಹಳೇ ಸರಪಳಿ

ಇದು ಒಳ್ಳೇ ಉಪಾಯ. ಕೊಯ್ದರೆ ಕಣ್ಣಿನ ತಾಪತ್ರಯವೇ ಇಲ್ಲ.

ಒಂದು ಮಾತು ಸೇರಿಸ್ತೀನಿ. ಕೊಯ್ಯುವ ಮೊದಲು ಸೈಕಲ್ ಕಡ್ಡಿಯಿಂದ ಗುಡ್ಡದ ನೆತ್ತಿಯಿಂದ ಬುಡದವರೆಗೆ ಎರಡು ತೂತು ಮಾಡಿ, ಕಡ್ಡಿ ತೆಗೆದುಬಿಡಿ. ತೂತು ನೆಟ್ಟಗಿರಬೇಕು, ಮೂಲೆಪಟ್ಟಿ ಇಟ್ಟು ನೋಡಿ. ಎರಡೂ ತೂತು ಎತ್ತರದ ತುದಿಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಮೇಲಿನ ತುಂಡಿಗೆ ಒಂದೇ ತೂತು ಸಿಗುತ್ತೆ. ಆಮೇಲೆ ಗುಡ್ಡದ ಎರಡು ಪಕ್ಕಕ್ಕೂ 2 ಸೆಂ.ಮೀ. ದಪ್ಪದ ರೀಪರ್ ತುಂಡುಗಳನ್ನು ನಾಲ್ಕು ನಾಲ್ಕು ಪೇರಿಸಿ. ದಾರವನ್ನು ಬಿಗಿಯಾಗಿ ಹಿಡಿದು ರೀಪರ್ ಮೇಲೆ ಜಾರಿಸಿಕೊಂಡೇ ಎಳೆದರೆ ಸರಿಯಾಗಿ 8 ಸೆಂ.ಮೀ. ಎತ್ತರದಲ್ಲಿ ತುಂಡಾಗುತ್ತೆ. ತುಂಡನ್ನು ಹಾಳೆ ಮೇಲಿಟ್ಟು ಅದರ ಅಡಿಯ ಅಂಚಿಗೆ ಪೆನ್ಸಿಲ್ ಸುತ್ತಿಸಿ, ಎರಡು ತೂತಿನೊಳಗಿಂದ ಹಾಳೆಗೆ ಚುಚ್ಚಿ. ಮುಂದಿನದಕ್ಕೆ ಒಂದೊಂದು ರೀಪರ್ ತೆಗೆದು 6 ಸೆಂ.ಮೀ.ಗೆ ಕೊಯ್ಯಿರಿ. ಅದೇ ಹಾಳೆಯಲ್ಲಿ ಹಳೇ ಚುಚ್ಚಿಗೇ ತೂತು ಹೊಂದಿಸಿ ಇಡಿ. ಆ ಎರಡು ಚುಚ್ಚು ಇಲ್ಲದೆ ಹೋದರೆ ಉಂಗುರಗಳು ತಮಗೆ ಬೇಕಾದ ಕಡೆ ತಿರುಗಿ ಕೂರುತ್ತವೆ.

ತೋಟದ ಮನೆ

ನಮಸ್ಕಾರ. ನನ್ನದೂ ಸ್ಕೇಲಿನ ಪ್ರಶ್ನೆಯೇ. ನಮ್ಮ ಊರಿನ ಗ್ರಾಮ ನಕ್ಷೆ ಇದೆ. ಒಂದು ಇಂಚಿಗೆ ಹತ್ತು ಚೈನು ಅಂತಾರೆ. ಝೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ದೊಡ್ಡದು ಮಾಡಿಸಿಕೊಂಡೆ, ಕಣ್ಣು ಕಾಣಲ್ಲ ಅಂತ. ಅದರಲ್ಲಿ ನಮ್ಮ ಸರ್ವೆ ನಂಬರ್ ಅಳೆದರೆ 6 ಎಕರೆ ಬರ್ತಾ ಇದೆ. ಪಹಣಿಯಲ್ಲಿ 3 ಎಕರೆ ಚಿಲ್ಲರೆ. ಪಕ್ಕದವರು ಒತ್ತಿಕೊಂಡಿರಬಹುದಾ? ಇಳಿಜಾರು ಎಷ್ಟಿದೆ ಅಂತಲೂ ಅದೇ ನಕ್ಷೆಯಲ್ಲಿ ನೋಡಬೇಕಿತ್ತು, ಬದು ಹಾಕಿಸೋಕೆ.

ಗುಡ್ಡ ಹತ್ತುವವ

ಅಣ್ಣ, ಇದು ಮಣ್ಣಿನ ಗುಡ್ಡದ ಚರ್ಚೆ 🙂

ಹಳೇ ಸರಪಳಿ

ಇರಲಿ ಬಿಡಿ, ಇವರ ಪ್ರಶ್ನೆ ಟೀಚರಮ್ಮನ ಪ್ರಶ್ನೆಗೂ ಬೇಕಾದದ್ದೇ.

ಒಂದು ಇಂಚಿಗೆ ಹತ್ತು ಚೈನು ಅಂದರೆ 660 ಅಡಿ, ಇಂಚಿನಲ್ಲಿ ಹೇಳಿದರೆ 7,920. ಅಂದರೆ 1:7,920 ರ ನಕ್ಷೆ. 660 ಅಡಿ ಉದ್ದ, 660 ಅಡಿ ಅಗಲ ಅಂದರೆ ಸರಿಯಾಗಿ ಹತ್ತು ಎಕರೆ. ಆದ್ದರಿಂದ ಮೂಲ ನಕ್ಷೆಯಲ್ಲಿ ಒಂದು ಚದರ ಇಂಚಿಗೆ ಹತ್ತು ಎಕರೆ. ಹಳಬರು ಈ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದರು.

ನಿಮ್ಮ ಝೆರಾಕ್ಸ್ ಎ4 ನಿಂದ ಎ3 ಗೆ ದೊಡ್ಡದಾಗಿರಬೇಕು. ಯಂತ್ರದಲ್ಲಿ 141% ಅಂತ ಬರುತ್ತೆ. ಉದ್ದ 1.41 ಪಟ್ಟು, ಅಗಲ 1.41 ಪಟ್ಟು. ಎರಡನ್ನೂ ಗುಣಿಸಿ, ವಿಸ್ತೀರ್ಣ ಎರಡು ಪಟ್ಟು! ಮೂರು ಎಕರೆ ಆರಾಗಿದ್ದು ಝೆರಾಕ್ಸ್ ಅಂಗಡಿಯಲ್ಲಿ. ಪಕ್ಕದವರ ಮೇಲೆ ಹೋಗಬೇಡಿ.

ಇಳಿಜಾರು ಗ್ರಾಮ ನಕ್ಷೆಯಲ್ಲಿ ಸಿಗೋದಿಲ್ಲ. ಅದರಲ್ಲಿ ಹೊಲದ ಗಡಿ ಇರುತ್ತೆ, ಎತ್ತರದ ಗೆರೆ ಇರೋದಿಲ್ಲ. ಟೋಪೋ ಶೀಟ್‌ನಲ್ಲಿ ಎತ್ತರ ಇದೆ, ಆದರೆ 1:50,000 ರಲ್ಲಿ 20 ಮೀಟರಿಗೆ ಒಂದು ಗೆರೆ. ನಿಮ್ಮ ಮೂರು ಎಕರೆ ಎರಡು ಗೆರೆಗಳ ಮಧ್ಯೆ ಕಾಣೆಯಾಗಿಬಿಡುತ್ತೆ. ಬದುವಿಗೆ ಹೊಲದಲ್ಲೇ ಮಟ್ಟ ಹಿಡಿಸಬೇಕು. ಸಮಪಾತಳಿ ಬದು ಅಂದರೂ ಇದೇ ಗೆರೆ. ಹಾಳೆ ಮೇಲೆ ಬರೆಯೋ ಬದಲು ನೆಲದ ಮೇಲೆ ಬರೆಯೋದು.

ತೋಟದ ಮನೆ

ಅಯ್ಯೋ ದೇವರೇ. ನಿನ್ನೆ ಬೆಳಿಗ್ಗೆ ಪಕ್ಕದವರ ಹತ್ತಿರ ಜೋರಾಗಿ ಮಾತಾಡಿ ಬಂದಿದ್ದೆ. ಆದರೂ ಪಹಣಿಯಲ್ಲಿರುವಷ್ಟು ಜಾಗ ನನ್ನ ಕೈಲಿ ಇದೆಯಾ ಅನ್ನೋ ಅನುಮಾನ ಹೋಗಿಲ್ಲ. ಅಳತೆಗೆ ಅರ್ಜಿ ಹಾಕ್ತೀನಿ.

ಸಾಗರದ ಟೀಚರ್

ಸಾರ್, ನಾಚಿಕೆ ಆಗ್ತಿದೆ. ಗೋಡೆಯಲ್ಲಿರುವ ನಮ್ಮ ಟೋಪೋ ಶೀಟ್ ಕೂಡ ದೊಡ್ಡದು ಮಾಡಿಸಿದ ಝೆರಾಕ್ಸೇ. ಕೆಳಗೆ 1:50,000 ಅಂತಲೇ ಇದೆ.

ಹಳೇ ಸರಪಳಿ

ಅಳೆದು ನೋಡಿ. ಶೀಟಿನ ಅಡಿಯಲ್ಲಿ ಅಳತೆಪಟ್ಟಿಯ ಹಾಗೆ ಒಂದು ಉದ್ದ ಗೆರೆ ಇರುತ್ತೆ, ಕಿಲೋಮೀಟರ್ ಗುರುತು ಹಾಕಿರುವಂಥದ್ದು. 1:50,000 ರಲ್ಲಿ ಒಂದು ಕಿಲೋಮೀಟರ್ ಅಂದರೆ 2 ಸೆಂ.ಮೀ. ನಿಮ್ಮ ಸ್ಕೇಲ್ ಇಟ್ಟಾಗ 2.8 ಬಂದರೆ ಆ ಹಾಳೆ ಈಗ ಸುಮಾರು 1:35,000. ಅಚ್ಚಾದ ಸಂಖ್ಯೆ ಹಾಗೇ ಉಳಿಯುತ್ತೆ, ಗೆರೆ ಮಾತ್ರ ನಕ್ಷೆಯ ಜೊತೆ ಹಿಗ್ಗಿಕೊಂಡಿರುತ್ತೆ. ಹಾಗಾಗಿ ಝೆರಾಕ್ಸ್‌ನಲ್ಲಿ ಗೆರೆಯನ್ನು ನಂಬಿ, ಸಂಖ್ಯೆಯನ್ನಲ್ಲ. ವಾಟ್ಸಪ್‌ನಲ್ಲಿ ಬಂದ ಪಿಡಿಎಫ್ ಪ್ರಿಂಟ್ ತೆಗೆದರೂ ಇದೇ ಕಥೆ. ಹಾಳೆಗೆ ಹೊಂದಿಸಲು ಯಂತ್ರವೇ ಚೂರು ಕುಗ್ಗಿಸಿರುತ್ತೆ.

ಈಗ ನಿಮ್ಮ ಮಣ್ಣಿನ ಗುಡ್ಡ. ಅದಕ್ಕೆ 1:50,000 ಬರೆದರೆ 30 ಸೆಂ.ಮೀ. ಅಂದರೆ 15 ಕಿ.ಮೀ. ಅದೇ ಲೆಕ್ಕದಲ್ಲಿ 10 ಸೆಂ.ಮೀ. ಎತ್ತರ ಅಂದರೆ 5 ಕಿ.ಮೀ. ಮುಳ್ಳಯ್ಯನಗಿರಿಯನ್ನು ಸಮುದ್ರ ಮಟ್ಟದಿಂದ ಅಳೆದರೂ 2 ಕಿ.ಮೀ. ಮುಟ್ಟೋದಿಲ್ಲ! ಮಕ್ಕಳು ಹಿಮಾಲಯ ಮಾಡಿದ್ದಾರೆ.

ನಾನಾಗಿದ್ದರೆ ಹೀಗೆ ಬರೆಸ್ತಿದ್ದೆ. ಅಡ್ಡಕ್ಕೆ 1:5,000, ಅಂದರೆ 30 ಸೆಂ.ಮೀ.ಗೆ ಒಂದೂವರೆ ಕಿ.ಮೀ. ಎತ್ತರಕ್ಕೆ 1:1,000, ಅಂದರೆ ಒಂದೊಂದು 2 ಸೆಂ.ಮೀ. ಗೆರೆಯೂ 20 ಮೀಟರ್. ನೂರು ಮೀಟರಿನ ಗುಡ್ಡ. ಎತ್ತರವನ್ನು ಐದು ಪಟ್ಟು ಹಿಗ್ಗಿಸಿದೆ ಅಂತ ಪಕ್ಕದಲ್ಲೇ ಬರೆಯಬೇಕು.

ಹಿಗ್ಗಿಸಿದ್ದರಿಂದ ಏನಾಗುತ್ತೆ ಅಂತ ಮಕ್ಕಳಿಗೆ ತೋರಿಸೋದು ಹೀಗೆ. ಮಾದರಿಯಲ್ಲಿ 45 ಡಿಗ್ರಿ ಕಾಣುವ ಜಾಗದಲ್ಲಿ 2 ಸೆಂ.ಮೀ. ಏರಲು 2 ಸೆಂ.ಮೀ. ಮುಂದೆ ಹೋಗಬೇಕು. ನೆಲದ ಮೇಲೆ ಅದು 20 ಮೀಟರ್ ಏರಲು 100 ಮೀಟರ್ ನಡೆದ ಹಾಗೆ. ಐದಕ್ಕೆ ಒಂದು, 11 ಡಿಗ್ರಿ ಅಷ್ಟೇ. ದನ ಕಾಯೋ ಹುಡುಗ ಸುಮ್ನೆ ಹತ್ತಿಬಿಡ್ತಾನೆ. ಟೋಪೋ ಶೀಟ್‌ನಲ್ಲಿ ಇದೇ ಇಳಿಜಾರು ಹೇಗೆ ಕಾಣುತ್ತೆ ಗೊತ್ತಾ? ಎರಡು ಗೆರೆಗಳ ನಡುವೆ 2 ಮಿ.ಮೀ. ಸ್ಕೇಲ್ ಇಟ್ಟು ಹುಡುಕಲು ಹೇಳಿ, ಆದರೆ ಮೂಲ ಶೀಟ್‌ನಲ್ಲಿ.

ರಟ್ಟಿನ ಮೇಷ್ಟ್ರು

ಇಷ್ಟೆಲ್ಲ ಒದ್ದಾಟ ಯಾಕೆ? ನಾನು ರಟ್ಟಿನಲ್ಲಿ ಮಾಡಿಸ್ತೀನಿ. ನಕ್ಷೆಯ ಒಂದೊಂದು ಗೆರೆಯನ್ನೂ ರಟ್ಟಿಗೆ ಇಳಿಸಿ, ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ಮುಗೀತು. ಕೆಸರಿಲ್ಲ, ಕುಗ್ಗೋದಿಲ್ಲ. ನಿಜವಾದ ಗುಡ್ಡದ್ದೇ ಮಾಡಬಹುದು.

ಹಳೇ ಸರಪಳಿ

ನಕ್ಷೆಯಿಂದ ಗುಡ್ಡಕ್ಕೆ ಹೋಗೋದಕ್ಕೆ ರಟ್ಟು ಚೆನ್ನ ಮೇಷ್ಟ್ರೇ. ಗುಡ್ಡದಿಂದ ನಕ್ಷೆಗೆ ಬರೋದು ಕಲಿಸಬೇಕಾದರೆ ಮಣ್ಣೇ ಬೇಕು ಅಂತ ನನಗನ್ನಿಸುತ್ತೆ. ರಟ್ಟಿನ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಗೆರೆ ಇರುವ ಕಡೆ ನೆಲದಲ್ಲೂ ಒಂದು ಮೆಟ್ಟಿಲಿದೆ ಅಂತ ಮಕ್ಕಳು ತಿಳಿದುಬಿಡ್ತಾರೆ.

ರಟ್ಟಿನ ಮೇಷ್ಟ್ರು

ನನ್ನ ಮಕ್ಕಳು ಯಾರೂ ಹಾಗೆ ತಿಳಿದಿಲ್ಲ. ಇರಲಿ, ನಿಮ್ಮ ದಾರಿ ನಿಮಗೆ.

ಸಾಗರದ ಟೀಚರ್

ಇನ್ನೊಂದು ಕಷ್ಟ ಉಳಿದಿದೆ. ಏಣು ಯಾವುದು, ಕಣಿವೆ ಯಾವುದು ಅಂತ ಗೆರೆ ನೋಡಿ ಹೇಳೋದು. ಎರಡರಲ್ಲೂ ಗೆರೆ ಮೂಗಿನ ಹಾಗೆ ಬಾಗಿರುತ್ತೆ. ಮಕ್ಕಳು ಪ್ರತಿ ಸಲ ಉಲ್ಟಾ ಹೇಳ್ತಾರೆ.

ಹಳೇ ಸರಪಳಿ

ಸಾಗರದಲ್ಲಿದ್ದುಕೊಂಡು ಇದನ್ನು ನನ್ನ ಕೇಳ್ತೀರಾ! ಶರಾವತಿ ಹಿನ್ನೀರು ನಿಮ್ಮ ಪಕ್ಕದಲ್ಲೇ ಇದೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1,819 ಅಡಿ. ಆಗ ನೀರಿನ ಅಂಚು ಇಡೀ ಹಿನ್ನೀರಿನ ಸುತ್ತ ಹೋಗುವ ಒಂದೇ ಸಮೋನ್ನತಿ ರೇಖೆ. ಮೀಟರಿನಲ್ಲಿ 554 ಚಿಲ್ಲರೆ. ಶೀಟ್‌ನಲ್ಲಿ 540 ಮತ್ತು 560 ರ ಗೆರೆಗಳ ನಡುವೆ, 560 ಕ್ಕೆ ಹತ್ತಿರದಲ್ಲಿ ಹೋಗಬೇಕು. ನೀರಿನ ಅಂಚು ಹಳ್ಳ ಸಿಕ್ಕ ಕಡೆಯೆಲ್ಲ ಬೆರಳು ತೂರಿಸಿದ ಹಾಗೆ ಒಳಗೆ, ಎತ್ತರದ ಕಡೆಗೆ ನುಗ್ಗುತ್ತೆ. ಏಣು ಸಿಕ್ಕ ಕಡೆ ನೆಲವೇ ನೀರಿನೊಳಗೆ ಚಾಚಿಕೊಂಡಿರುತ್ತೆ. ಮೂಗು ಎತ್ತರದ ಕಡೆ ತಿರುಗಿದ್ದರೆ ಕಣಿವೆ, ತಗ್ಗಿನ ಕಡೆ ತಿರುಗಿದ್ದರೆ ಏಣು. ಆದ್ದರಿಂದ ಗೆರೆಯ ಮೇಲಿನ ಸಂಖ್ಯೆ ಓದದೆ ಬರೀ ಆಕಾರ ನೋಡಿ ಹೇಳೋಕೆ ಆಗಲ್ಲ. ಮಕ್ಕಳು ಉಲ್ಟಾ ಹೇಳೋದು ಬಹುಶಃ ಅಲ್ಲೇ.

ಸಾಗರದ ಟೀಚರ್

ಹೌದಲ್ವಾ! ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುತ್ತಾ ಎಷ್ಟು ಸಲ ನಿಂತಿದ್ದೇನೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕೆಂಪು ಮಣ್ಣಿನ ಮೇಲೆ ಪಟ್ಟೆ ಪಟ್ಟೆ ಗೆರೆ ಉಳಿದಿರುತ್ತೆ. ಅವೂ ಇವೇ ತಾನೇ?

ಹಳೇ ಸರಪಳಿ

ಅವೇ. ನೀರು ಸ್ವಲ್ಪ ದಿನ ನಿಂತ ಕಡೆ ಗೆರೆ ಬಿಟ್ಟು ಹೋಗಿರುತ್ತೆ. ಆದರೆ ಅಲ್ಲಿ 20 ಮೀಟರಿಗೊಂದು ಅಂತ ಲೆಕ್ಕ ಇಲ್ಲ. ಹಾಗಾಗಿ ಆ ಪಟ್ಟೆಗಳು ಹತ್ತಿರ ಇವೆ ಅಂತ ಇಳಿಜಾರು ಜಾಸ್ತಿ ಅನ್ನಬೇಡಿ.

ಸಾಗರದ ಟೀಚರ್

ಒಂದು ವಾರ ಆದ ಮೇಲೆ ಬರೀತಿದ್ದೇನೆ. ಹೊಸದಾಗಿ ಗುಡ್ಡ ಮಾಡಿಸಿ ಗಾಳದ ದಾರದಲ್ಲಿ ಕೊಯ್ದೆವು. ಕಡಿದಾದ ಕಡೆ ಗೆರೆಗಳು ಹತ್ತಿರ ಇವೆ, ದಾಟಿಲ್ಲ. ಆ ಹುಡುಗಿಗೆ 11.2 ಮತ್ತು 11.3 ರ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿದೆ. "ಹಾಗಾದ್ರೆ ಫೋಟೋದಲ್ಲಿ ನನ್ನ ಮೂಗು ದೊಡ್ಡದಾಗಿ ಬರೋದೂ ಇದಕ್ಕೇನಾ ಮಿಸ್?" ಅಂದಳು.

ಒಂದು ವಿಚಿತ್ರ ಮಾತ್ರ ಆಯ್ತು. 6 ಸೆಂ.ಮೀ. ತುಂಡನ್ನು ಎರಡು ಗುಂಪಿನವರು ಬೇರೆ ಬೇರೆಯಾಗಿ ನಕಲು ಮಾಡಿದರು. ಒಂದು ಗುಂಪಿನ ಹಾಳೆಯಲ್ಲಿ ಶೇಂಗಾ ಕಾಯಿಯ ಹಾಗೆ ನಡು ಸಣ್ಣಗಾದ ಒಂದೇ ಗೆರೆ. ಇನ್ನೊಂದರಲ್ಲಿ ಎರಡು ಬೇರೆ ಬೇರೆ ಉಂಗುರ. ಗುಡ್ಡ ಒಂದೇ, ತುಂಡೂ ಒಂದೇ! ಯಾರದು ಸರಿ?

ಹಳೇ ಸರಪಳಿ

ಎರಡು ತುದಿಗಳ ನಡುವಿನ ತಗ್ಗು ಎಷ್ಟು ಎತ್ತರ ಇತ್ತು? 6 ಕ್ಕಿಂತ ಚೂರು ಮೇಲಿದ್ದರೆ ಒಂದೇ ಗೆರೆ ಬರುತ್ತೆ. ಚೂರು ಕೆಳಗಿದ್ದರೆ ಎರಡು ಉಂಗುರ. ಸರಿಯಾಗಿ 6 ರ ಹತ್ತಿರ ಇದ್ದರೆ ನಡುವೆ ಉಳಿಯೋದು ಕಾಗದದಷ್ಟು ತೆಳು ಮಣ್ಣು. ಮೊದಲ ಗುಂಪು ಬರೆದು ಎತ್ತುವಾಗ ಅದು ಮುರಿದಿರಬೇಕು. ದಾರ ನಡುವೆ ಜೋತುಬಿದ್ದಿದ್ದರೂ ಲೆಕ್ಕ ತಪ್ಪುತ್ತೆ. ಉಳಿದ ತುಂಡುಗಳನ್ನು ಜೋಡಿಸಿ ತಗ್ಗನ್ನು ಅಳೆದು ನೋಡಿ.

ಸಾಗರದ ಟೀಚರ್

ಅಳೆಯೋಕೆ ಈಗ ಏನೂ ಉಳಿದಿಲ್ಲ ಸಾರ್. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಎಲ್ಲ ತುಂಡನ್ನೂ ಕಲಸಿ ಗಣಪತಿ ಮಾಡಿಬಿಟ್ಟಿದ್ದಾರೆ.